ತಾತನ ವಿಡಿಯೋ ಎಲ್ಲಿ ಹೋಯಿತು?



ಉತ್ತಮಪಾಳಯಂನ ನಮ್ಮ ತಾತ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು, ಕೊಂಬೆ ಸವರುವುದು ಹೇಗೆಂದು ನಮ್ಮ ಮನೆಗನ್ನಡದಲ್ಲಿ ವಿವರಿಸಿದ ವಿಡಿಯೋ ನೆನಪಿದೆಯೇ? ಚಿಕ್ಕಮ್ಮನ ಮಗಳು ಅದನ್ನು ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದಳು. ನಾನು ಅದನ್ನು ನಮ್ಮ ಪುಟದಲ್ಲಿ ಎಂಬೆಡ್ ಮಾಡಿದ್ದೆ. ತಾತ ತೀರಿಕೊಂಡ ಮೇಲೆ ಒಂದು ದಿನ ನೋಡಿದರೆ, ಅಲ್ಲಿ ಕಪ್ಪು ಚೌಕ, "This video is private" ಎಂಬ ಸಾಲು.

ನಾನು ಮೊದಲು ನಮ್ಮ ಪುಟವೇ ಕೆಟ್ಟಿದೆ ಎಂದುಕೊಂಡೆ. ಆದರೆ ವಿಡಿಯೋ ನಮ್ಮಲ್ಲಿ ಯಾವತ್ತೂ ಇರಲೇ ಇಲ್ಲ. ನಾನು ಅಂಟಿಸಿದ್ದು ಇಷ್ಟೇ:

```
<iframe src="https://www.youtube.com/embed/VIDEO_ID"></iframe>
```

`VIDEO_ID` ಇರುವಲ್ಲಿ ಆ ವಿಡಿಯೋದ ಹನ್ನೊಂದು ಅಕ್ಷರಗಳ ಗುರುತು ಬರುತ್ತದೆ. iframe ಎಂದರೆ ನಮ್ಮ ಗೋಡೆಯಲ್ಲಿ ಕೊರೆದ ಕಿಟಕಿ. ನೀವು ಪುಟ ತೆರೆದಾಗಲೆಲ್ಲ ನಿಮ್ಮ ಮೊಬೈಲೇ ನೇರವಾಗಿ ಯೂಟ್ಯೂಬನ್ನು ಕೇಳುತ್ತದೆ. ಅದು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗಲೂ ಹೀಗೇ ಆಯಿತು. ವಿಡಿಯೋಗಳನ್ನು ಯಾರೂ ಅಳಿಸಿರಲಿಲ್ಲ, ಆದರೂ ಭಾರತದಲ್ಲಿ ಅವು ಕಾಣದಾದವು.

ಟ್ವಿಟರ್‌ನ ರೀತಿ ಸ್ವಲ್ಪ ಬೇರೆ. ಅದರ ಎಂಬೆಡ್ ಕೋಡಿನೊಳಗೆ ಬರಹದ ಪ್ರತಿಯೂ ಇರುತ್ತದೆ. ಮೂಲ ಅಳಿದರೆ ಫೋಟೋ ಹೋಗುತ್ತದೆ, ಮಾತು ಸಾದಾ ಸಾಲಾಗಿ ಉಳಿಯುತ್ತದೆ. 2022ರಲ್ಲಿ ಟ್ವಿಟರ್ ಆ ಮಾತನ್ನೂ ಮರೆಮಾಡಿ ಖಾಲಿ ಚೌಕ ತೋರಿಸತೊಡಗಿತ್ತು. ಹಳೆಯ ಸುದ್ದಿಗಳಲ್ಲೆಲ್ಲ ತೂತು ಬಿದ್ದಂತಾಗಿ, ಆಕ್ಷೇಪ ಬಂದ ಮೇಲೆ ಹಿಂದೆ ಸರಿಯಿತು.

ತಂಗಿಗೆ ಫೋನ್ ಮಾಡಿದೆ. "ನನ್ನ ಫೋನಲ್ಲಿ ಚೆನ್ನಾಗೇ ಓಡ್ತಾ ಇದೆಯಲ್ಲಣ್ಣ" ಅಂದಳು. ಓಡದೆ ಏನು, ಚಾನೆಲ್ ಅವಳದೇ! ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಲು ಹೇಳಿದಾಗ ಅವಳಿಗೂ ಕಪ್ಪು ಚೌಕ ಕಂಡಿತು. ಸ್ವಲ್ಪ ಸುಮ್ಮನಿದ್ದು ಹೇಳಿದಳು: ಯಾರೋ ಅಪರಿಚಿತರು ತಾತನ ಮಾತಿನ ರೀತಿಯನ್ನು ಆಡಿಕೊಂಡು ಕೆಳಗೆ ಬರೆದಿದ್ದರಂತೆ. ಸಾವಿನ ಮನೆಯಲ್ಲಿ ಅದನ್ನು ಓದಲಾಗದೆ ಎಲ್ಲವನ್ನೂ ಪ್ರೈವೇಟ್ ಮಾಡಿದ್ದಳು.

ನಮ್ಮ ಗುಂಪಿನ ಒಬ್ಬನ ಬಳಿ ಡೌನ್‌ಲೋಡ್ ಮಾಡಿದ ಪ್ರತಿ ಇತ್ತು. "ಅದನ್ನೇ ಹಾಕಿಬಿಡೋಣ" ಅಂದ. ಹಾಕಬಹುದಿತ್ತು, ಮತ್ತೆ ಯಾರೂ ತೆಗೆಯಲಾಗುತ್ತಿರಲಿಲ್ಲ. ನನಗೆ ಅಡ್ಡಬಂದದ್ದೂ ಅದೇ. ಆ ಕಿಟಕಿಯನ್ನು ಮುಚ್ಚಿದ್ದು ತಂಗಿ. ನಾವು ಹಿಂಬಾಗಿಲಿಂದ ತೆರೆಯುವುದು ಹೇಗೆ?

ಬದಲಿಗೆ ಅವಳಿಗೆ ಇನ್ನೊಂದು ಆಯ್ಕೆ ತಿಳಿಸಿದೆ. ವಿಡಿಯೋವನ್ನು "Unlisted" ಮಾಡಿದರೆ ಹುಡುಕಾಟದಲ್ಲಿ ಬರುವುದಿಲ್ಲ, ಎಂಬೆಡ್ ಮಾತ್ರ ಓಡುತ್ತದೆ. ಲಿಂಕ್ ಸಿಕ್ಕವರು ನೋಡಬಲ್ಲರು, ಅದನ್ನೂ ಮುಚ್ಚಿಡದೆ ಹೇಳಿದೆ. ಅಳಿಸಿ ಮತ್ತೆ ಏರಿಸಿದರೆ ಹೊಸ ಗುರುತು ಬಂದು ನಮ್ಮ ಕೋಡ್ ಬದಲಿಸಬೇಕಾಗುತ್ತದೆ. ಹಾಗಾಗಿ ಅಳಿಸಬೇಡ ಅಂದೆ.

ಎರಡು ವಾರ ಏನೂ ಹೇಳಲಿಲ್ಲ. ಮೊನ್ನೆ ಭಾನುವಾರ ಪುಟ ತೆರೆದರೆ, ನಾನು ಒಂದಕ್ಷರವೂ ಮುಟ್ಟದೆ, ತಾತ ಮತ್ತೆ ಚಪ್ಪರದ ಕೆಳಗೆ ನಿಂತಿದ್ದರು. ಕೆಳಗೆ ಬರೆಯುವ ಜಾಗವನ್ನು ಅವಳು ಮುಚ್ಚಿದ್ದಳು.