ಥ್ರೆಡ್ಡೇ ಯಾಕೆ ಮೊದಲು ಹೋಗುತ್ತದೆ?

ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ಬೆಳೆಗಾರರಿಗೆ ಒಂದು ಪರೀಕ್ಷೆ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಒಟ್ಟು ನೂರು ಲೀಟರ್ ನೀರು ಎಂಬುದು ಲೆಕ್ಕ. ಆದರೆ ಸುಣ್ಣ ಹಳೆಯದಾಗಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಸಿಂಪಡಿಸುವ ಮೊದಲು ಉಜ್ಜಿ ಬೆಳಗಿದ ಕುಡುಗೋಲನ್ನೋ ಚಾಕುವನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗು ಹಾಗೇ ಇದ್ದರೆ ದ್ರಾವಣ ಸರಿ ಇದೆ ಎಂದರ್ಥ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ತಂದವರು.

ನನ್ನ ಪಿಎಚ್‌ಡಿ ವಿಷಯ ಲೋಹಗಳ ತುಕ್ಕು. ಯಾರಾದರೂ ಅದೇನೆಂದು ಕೇಳಿದರೆ ನಾನು ಈ ಕುಡುಗೋಲಿನಿಂದಲೇ ಶುರು ಮಾಡುತ್ತೇನೆ. ಅಲಗಿನ ಮೇಲೆ ಕೂರುವ ಕೆಂಪು ತುಕ್ಕಲ್ಲ, ಅದು ತಾಮ್ರ. ಸುಣ್ಣ ಸಾಲದಿದ್ದರೆ ನೀರಿನಲ್ಲಿ ಕರಗಿದ ತಾಮ್ರ ಉಳಿದಿರುತ್ತದೆ. ಅದಕ್ಕೆ ಎಲೆಕ್ಟ್ರಾನ್ ಬೇಕು, ಕೊಡುವುದಕ್ಕೆ ಕಬ್ಬಿಣ ಇದೆ. ಕಬ್ಬಿಣದ ಒಂದು ಪರಮಾಣು ಎರಡು ಎಲೆಕ್ಟ್ರಾನ್‌ಗಳನ್ನು ಅಲಗಿನಲ್ಲೇ ಬಿಟ್ಟು ನೀರಿಗಿಳಿಯುತ್ತದೆ. ಆ ಎರಡನ್ನು ತೆಗೆದುಕೊಂಡು ತಾಮ್ರದ ಒಂದು ಪರಮಾಣು ಅಲಗಿನ ಮೇಲೆ ಕೂರುತ್ತದೆ. ಕೊಡುವುದು, ತೆಗೆದುಕೊಳ್ಳುವುದು ಇಷ್ಟೇ ವ್ಯವಹಾರ. ಯಾವ ಲೋಹ ಎಷ್ಟು ಧಾರಾಳಿ ಎನ್ನುವುದಕ್ಕೆ ವೋಲ್ಟುಗಳಲ್ಲಿ ಒಂದು ಪಟ್ಟಿ ಇದೆ. ಸತು ಮೈನಸ್ 0.76, ಕಬ್ಬಿಣ ಮೈನಸ್ 0.44, ತಾಮ್ರ ಪ್ಲಸ್ 0.34. ಕೆಳಗಿನ ಸಂಖ್ಯೆಯ ಲೋಹ ಮೇಲಿನದಕ್ಕೆ ಕೊಡುತ್ತದೆ, ಕೊಟ್ಟು ತಾನು ಕರಗುತ್ತದೆ.

ಮಾಮೂಲಿ ತುಕ್ಕಿನಲ್ಲಿ ತಾಮ್ರದ ಜಾಗದಲ್ಲಿ ಆಮ್ಲಜನಕ ಇರುತ್ತದೆ, ಅಷ್ಟೇ ವ್ಯತ್ಯಾಸ. ನೀರಿನಲ್ಲಿ ಕರಗಿದ ಗಾಳಿಯ ಆಮ್ಲಜನಕ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಕಬ್ಬಿಣ ಕೊಡುತ್ತದೆ. ಆದರೆ ಇಲ್ಲೊಂದು ತಿರುವಿದೆ. ಕೊಡುವ ಜಾಗ ಮತ್ತು ತೆಗೆದುಕೊಳ್ಳುವ ಜಾಗ ಒಂದೇ ಆಗಿರಬೇಕಿಲ್ಲ. ಎಲೆಕ್ಟ್ರಾನ್‌ಗಳು ಲೋಹದೊಳಗೆ ಓಡಾಡಬಲ್ಲವು. ಹಾಗಾಗಿ ಕಬ್ಬಿಣ ಒಂದು ಕಡೆ ಕರಗಿ, ಆಮ್ಲಜನಕ ಇನ್ನೊಂದು ಕಡೆ ಖರ್ಚಾಗಬಹುದು.

ಈ ಮಾತನ್ನು ನನ್ನಿಂದ ಸರಿಯಾಗಿ ಬಿಡಿಸಿ ಹೇಳಿಸಿದ್ದು ಜಗಳೂರು ತಾಲೂಕಿನಲ್ಲಿರುವ ನಮ್ಮ ಸೋದರಮಾವನ ಬೋರ್‌ವೆಲ್. ಮಳೆ ಕಡಿಮೆ ಬೀಳುವ ಸೀಮೆ ಅದು. ಹನಿ ನೀರಾವರಿ ಹಾಕಿ ಮಾವ ಎರಡೆಕರೆ ಅಡಿಕೆ ಸಸಿ ಇಟ್ಟಿದ್ದ. ನೀರು ಕಡಿಮೆಯಾಯಿತೆಂದು ಮೋಟರ್ ಎತ್ತಿಸಲು ಹೋದಾಗ, ಹನ್ನೊಂದನೇ ಜಾಯಿಂಟಿನಲ್ಲಿ ಪೈಪು ಕಳಚಿ ಕೆಳಗಿನದೆಲ್ಲ ಒಳಗೆ ಬಿತ್ತು. ಇಪ್ಪತ್ತು ಅಡಿಯ ಮೂವತ್ತು ಜಿಐ ಪೈಪುಗಳಲ್ಲಿ ಹತ್ತೊಂಬತ್ತು, ಜೊತೆಗೆ ಮೋಟರು, ಕೇಬಲ್ಲು. ಅದನ್ನು ಹಿಡಿದು ಮೇಲೆತ್ತಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಸಸಿಗಳಿಗೆ ಟ್ಯಾಂಕರ್ ನೀರು.

ಮಾವ ಮುರಿದ ಪೈಪಿನ ತುದಿಯನ್ನು ನನ್ನ ಕೈಗಿಟ್ಟ. "ಅಲ್ಲಪ್ಪ, ತುಕ್ಕಿನ ಮ್ಯಾಲೇ ಓದ್ತೀಯಂತೆ. ಪೈಪು ನೋಡಿದ್ರೆ ಗಟ್ಟಿ ಐತಿ, ಥ್ರೆಡ್ ಅಷ್ಟೇ ತಿಂದು ಹಾಕೈತಿ. ಯಾಕ್ ಹೇಳು ನೋಡಾನ."

ಪ್ರಶ್ನೆ ಸರಿಯಾಗಿತ್ತು. ಪೈಪಿನ ಮೈ ಬೂದು ಬಣ್ಣದಲ್ಲಿ ನೆಟ್ಟಗಿತ್ತು, ಅಲ್ಲಲ್ಲಿ ಬಿಳಿ ಪುಡಿ. ಕಪ್ಲಿಂಗಿನೊಳಗೆ ಅಡಗಿದ್ದ ಥ್ರೆಡ್ ಮಾತ್ರ ಕಾಗದದಷ್ಟು ತೆಳ್ಳಗಾಗಿ ಕೆಂಪು ಕಂದು ಪುಡಿ ಉದುರಿಸುತ್ತಿತ್ತು. ಗಾಳಿ, ನೀರು ಚೆನ್ನಾಗಿ ತಾಗುವ ಹೊರಮೈ ಉಳಿದು, ಅವೆರಡೂ ಸರಿಯಾಗಿ ನುಸುಳಲಾಗದ ಸಂದು ಹೋಗಿತ್ತು. ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ.

ಇದಕ್ಕೆ ಉತ್ತರ ಒಂದು ಹನಿ ಉಪ್ಪುನೀರಿನಲ್ಲಿದೆ. ಕೇಂಬ್ರಿಜ್‌ನ ಉಲಿಕ್ ಇವಾನ್ಸ್ 1920ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗ ಇದು, ಕಾಲೇಜಿನ ಲ್ಯಾಬಿನಲ್ಲೂ ಮಾಡಬಹುದು. ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ ಇಡಿ. ಅದರಲ್ಲಿ ಎರಡು ಸೂಚಕಗಳನ್ನು ಮೊದಲೇ ಬೆರೆಸಿರಬೇಕು. ಪೊಟ್ಯಾಸಿಯಂ ಫೆರಿಸಯನೈಡ್ ಕಬ್ಬಿಣ ಕರಗಿದಲ್ಲಿ ನೀಲಿಯಾಗುತ್ತದೆ. ಫಿನಾಲ್ಫ್ಥಲೀನ್ ಆಮ್ಲಜನಕ ಖರ್ಚಾಗಿ ಕ್ಷಾರ ಹುಟ್ಟಿದಲ್ಲಿ ಗುಲಾಬಿಯಾಗುತ್ತದೆ. ಮೊದಲು ನೀಲಿ, ಗುಲಾಬಿ ಚುಕ್ಕೆಗಳು ಅಲ್ಲಲ್ಲಿ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಹನಿ ಎರಡಾಗಿ ಬೇರ್ಪಡುತ್ತದೆ. ಗಾಳಿ ಸುಲಭವಾಗಿ ಸೇರುವ ಅಂಚು ಗುಲಾಬಿ, ಗಾಳಿ ತಲುಪಲಾಗದ ನಡು ನೀಲಿ. ಅಂದರೆ ಆಮ್ಲಜನಕ ಎಲ್ಲಿ ಹೆಚ್ಚೋ ಅಲ್ಲಿ ಎಲೆಕ್ಟ್ರಾನ್ ಖರ್ಚಾಗುತ್ತದೆ. ಅದರ ಸಾಲ ತೀರಿಸುವುದು ಆಮ್ಲಜನಕ ಇಲ್ಲದ ಜಾಗದ ಕಬ್ಬಿಣ.

ಕಪ್ಲಿಂಗ್ ಹಾಕಿದ ಥ್ರೆಡ್ ಎಂದರೆ ಈ ಹನಿಯ ನಡುಭಾಗವೇ. ಸಂದಿನೊಳಗೆ ಇಳಿದ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ, ಹೊಸದು ಬರಲು ದಾರಿ ಇಕ್ಕಟ್ಟು. ಹೊರಗಿನ ಮೈಗೆ ಹೊಸ ನೀರು ಬರುತ್ತಲೇ ಇರುತ್ತದೆ. ಸಂದಿನೊಳಗಿನ ನೀರು ಕ್ರಮೇಣ ಹುಳಿಯಾಗಿ, ಕರಗುವಿಕೆ ಇನ್ನೂ ಚುರುಕಾಗುತ್ತದೆ. ಹನ್ನೊಂದನೇ ಜಾಯಿಂಟೇ ಹೋದದ್ದಕ್ಕೂ ಕಾರಣವಿದೆ. ಮೋಟರ್ ನಿಂತಾಗ ಆ ಬೋರಿನಲ್ಲಿ ನೀರು ಬಂದು ನಿಲ್ಲುತ್ತಿದ್ದದ್ದು ಸುಮಾರು ಆ ಮಟ್ಟಕ್ಕೆ. ಮೋಟರ್ ಹಾಕಿದಾಗ ನೀರು ಕೆಳಗಿಳಿದು ಪೈಪು ಗಾಳಿಗೆ ಬೀಳುತ್ತದೆ, ಆಫ್ ಮಾಡಿದಾಗ ಮತ್ತೆ ಮುಳುಗುತ್ತದೆ. ದಿನವೂ ನೆನೆದು ಒಣಗುವ ಆ ಜಾಗಕ್ಕೆ ಆಮ್ಲಜನಕಕ್ಕೆ ಬರವಿಲ್ಲ. ತೀರಾ ಆಳದ ನೀರಿನಲ್ಲಿ ಅದು ಕಡಿಮೆ, ಅಲ್ಲಿಯ ಪೈಪುಗಳು ಹೆಚ್ಚು ಬಾಳುತ್ತವೆ.

ಎಷ್ಟು ಕರಗಿದರೆ ಮುರಿಯುತ್ತದೆ ಎಂದು ಮಾವನ ಮುಂದೆಯೇ ಲೆಕ್ಕ ಹಾಕಿದೆ. ಒಂದೂಕಾಲು ಇಂಚಿನ ಪೈಪಿನ ಗೋಡೆ ಸುಮಾರು 3.2 ಮಿಲಿಮೀಟರ್. ಥ್ರೆಡ್ ಕತ್ತರಿಸುವಾಗಲೇ ಅದರಲ್ಲಿ ಒಂದೂವರೆ ಮಿಲಿಮೀಟರ್ ಹೋಗುತ್ತದೆ, ಉಳಿಯುವುದು 1.7. ಥ್ರೆಡ್ಡಿನ ಒಂದೇ ಒಂದು ಸುತ್ತಿನ ಅಡಿಯಲ್ಲಿ ಉಳಿದಿರುವ ಉಕ್ಕಿನ ಉಂಗುರ ತೂಗುವುದು ಮೂರೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ನೇತಾಡುವುದು ಹತ್ತೊಂಬತ್ತು ಪೈಪು ಮತ್ತು ಮೋಟರು, 400 ಕಿಲೊ ಆಸುಪಾಸು. ಫ್ಯಾರಡೆಯ ನಿಯಮದ ಪ್ರಕಾರ ಒಂದು ಮಿಲಿಆಂಪಿಯರ್ ವಿದ್ಯುತ್ ವರ್ಷವಿಡೀ ಹರಿದರೆ 9 ಗ್ರಾಂ ಕಬ್ಬಿಣ ಕರಗುತ್ತದೆ. ಅದರ ಹತ್ತನೇ ಒಂದು ಭಾಗ ಮಾತ್ರ ಹರಿದು, ಅದೆಲ್ಲ ಆ ಒಂದು ಸುತ್ತಿಗೇ ಬಿದ್ದರೂ ನಾಲ್ಕು ವರ್ಷದಲ್ಲಿ ಉಂಗುರ ಪೂರ್ತಿ ಮಾಯ. ಪೂರ್ತಿ ಮಾಯವಾಗುವ ಮೊದಲೇ ಎತ್ತುವ ಎಳೆತಕ್ಕೆ ಕಳಚುತ್ತದೆ. "ಇಷ್ಟು ಕರೆಂಟಿಗೆ ಒಂದು ಬಲ್ಬೂ ಉರಿಯಲ್ಲ," ಎಂದ ಮಾವ.

ಹಾಗಾದರೆ ಪೈಪಿಗೆ ಬಳಿದಿದ್ದ ಸತು ಏನು ಮಾಡುತ್ತಿತ್ತು? ಜಿಐ ಎಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು. ಚದರ ಮೀಟರಿಗೆ 400 ಗ್ರಾಂ ಸತು ಕೂತಿದ್ದರೆ ಪದರದ ದಪ್ಪ 56 ಮೈಕ್ರಾನ್, ತಲೆಗೂದಲಿನ ಆಸುಪಾಸು. ಇದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಬಣ್ಣದಂತೆ ಮುಚ್ಚುವುದು. ಎರಡನೆಯದು ಬಣ್ಣದಿಂದ ಆಗದ್ದು. ಪದರ ಗೀರಿಹೋಗಿ ಉಕ್ಕು ಹೊರಗೆ ಕಂಡರೂ ಆ ಪಟ್ಟಿಯ ಪ್ರಕಾರ ಸತು ಹೆಚ್ಚು ಧಾರಾಳಿ. ಆಮ್ಲಜನಕ ಕೇಳಿದ ಎಲೆಕ್ಟ್ರಾನ್‌ಗಳನ್ನು ತಾನೇ ಕೊಟ್ಟು, ಪಕ್ಕದ ಉಕ್ಕನ್ನು ಉಳಿಸುತ್ತದೆ. ನ್ಯಾಮತಿ ಕಡೆ ಹೊಸದಾಗಿ ಹಾಕಿದ ದನದ ಕೊಟ್ಟಿಗೆಯ ಜಿಐ ತಗಡನ್ನು ನೋಡಿ. ಕತ್ತರಿಸಿದ ಅಂಚಿನಲ್ಲಿ ಸತು ಇಲ್ಲ, ಆದರೂ ಬಹುಕಾಲ ಅಲ್ಲಿ ಕೆಂಪು ಕಾಣುವುದಿಲ್ಲ. ಎರಡೂ ಮಗ್ಗುಲಿನ ಸತು ಆ ತೆಳು ಅಂಚನ್ನು ಕಾಯುತ್ತಿರುತ್ತದೆ. ತವರ ಬಳಿದ ಡಬ್ಬದಲ್ಲಿ ಇದು ಉಲ್ಟಾ. ಮಳೆಗೆ ಬಿದ್ದ ಡಬ್ಬ ಒಮ್ಮೆ ಗೀರಿದರೆ ತವರ ಉಳಿದು ಕಬ್ಬಿಣವೇ ತೂತಾಗುತ್ತದೆ.

ಆದರೆ ಸತುವಿನ ಕೈ ಉದ್ದವಿಲ್ಲ. ಅದರ ರಕ್ಷಣೆ ನೀರಿನ ಮೂಲಕ ಹೋಗಬೇಕು. ತೆಳ್ಳನೆಯ ನೀರಿನ ಪದರದಲ್ಲಿ ಅದು ಕೆಲವು ಮಿಲಿಮೀಟರ್ ದೂರ ಮುಟ್ಟುತ್ತದೆ, ಇಕ್ಕಟ್ಟು ಸಂದಿನ ಆಳಕ್ಕೆ ಮುಟ್ಟುವುದಿಲ್ಲ. ಪೈಪಿಗೆ ಥ್ರೆಡ್ ಹಾಕುವುದೋ ಸಾಮಾನ್ಯವಾಗಿ ಸತು ಬಳಿದ ಮೇಲೆ. ಅಂದರೆ ಗೋಡೆ ಅತಿ ತೆಳ್ಳಗಿರುವ, ಆಮ್ಲಜನಕ ಅತಿ ಕಡಿಮೆ ಇರುವ, ಭಾರ ಹೊರುವ ಜಾಗದಲ್ಲೇ ಸತು ಇರುವುದಿಲ್ಲ. ಕಪ್ಲಿಂಗಿನ ಬಾಯಿಯ ಸತು ಇರುವಷ್ಟು ದಿನ ಹೇಗೋ ನಡೆಯುತ್ತದೆ. ಅದು ಕರಗಿ ಮುಗಿದ ದಿನ, ಹೊರಗೆ ಬಯಲಾದ ಉಕ್ಕಿನ ಅಗಲವಾದ ಮೈ ಎಲೆಕ್ಟ್ರಾನ್ ಕೇಳಲು ಶುರು ಮಾಡುತ್ತದೆ, ಕೊಡುವುದು ಒಳಗಿನ ಸಣ್ಣ ಥ್ರೆಡ್. ಕೇಳುವ ಮೈ ದೊಡ್ಡದು, ಕೊಡುವ ಮೈ ಚಿಕ್ಕದು ಎಂಬುದಕ್ಕಿಂತ ಕೆಟ್ಟ ಜೋಡಿ ಇಲ್ಲ.

"ಹಂಗಾರೆ ಒಂದು ಸತುವಿನ ಗಟ್ಟಿ ಕಟ್ಟಿ ಬಿಡಾನ ಒಳಗೆ?" ಎಂದು ಮಾವ ಕೇಳಿದ. ಗೀಸರಿನ ತೊಟ್ಟಿಯೊಳಗೆ ಹೀಗೇ ಮೆಗ್ನೀಸಿಯಂ ಸರಳು ಇಡುತ್ತಾರೆ. ತಾನು ಕರಗಿ ತೊಟ್ಟಿಯನ್ನು ಕಾಯುತ್ತದೆ. ಲೆಕ್ಕಕ್ಕೆ ಒಂದು ಕಿಲೊ ಸತು 10 ಮಿಲಿಆಂಪಿಯರಿನಂತೆ ಒಂಬತ್ತು ವರ್ಷ ಕೊಡಬಲ್ಲದು. ಆದರೆ ಗೀಸರು ಒಂದು ತೊಟ್ಟಿ; ಬೋರು ಆರುನೂರು ಅಡಿಯ ಕಿರಿದಾದ ಕೊಳವೆ. ಗಟ್ಟಿ ನೇತಾಡುವ ಕಡೆ ಹತ್ತಿರದ ಪೈಪಿಗೆ ಸಿಗುವುದು ಬಿಟ್ಟರೆ ಉಳಿದದ್ದಕ್ಕೆ ಏನೂ ತಲುಪದು. ನೀರಿನಿಂದ ಹೊರಗಿರುವ ಜಾಯಿಂಟಿಗಂತೂ ಏನೇನೂ ಇಲ್ಲ.

ಆದ್ದರಿಂದ ಸತುವನ್ನು ಥ್ರೆಡ್ ಹತ್ತಿರಕ್ಕೇ ಒಯ್ಯಬೇಕು. ಹೊಸ ಪೈಪಿನ ಥ್ರೆಡ್ಡಿನ ಮೇಲೆ ಕತ್ತರಿಸುವಾಗಿನ ಎಣ್ಣೆ ಇರುತ್ತದೆ. ಅದನ್ನು ಪೂರ್ತಿ ಒರೆಸಿ, ಬ್ರಷ್ಷಿನಿಂದ ಉಜ್ಜಿ, ಸತುವಿನ ಪುಡಿ ತುಂಬಿದ ಜಿಂಕ್ ಪ್ರೈಮರ್ ತೆಳ್ಳಗೆ ಹಚ್ಚಿ ಒಣಗಿಸಿದೆವು. ಪುಡಿಯ ಕಣಗಳು ಒಂದಕ್ಕೊಂದು ಮತ್ತು ಉಕ್ಕಿಗೆ ತಾಗಿಕೊಂಡಿದ್ದರೆ ಮಾತ್ರ ಅದು ಸತುವಿನಂತೆ ಕೆಲಸ ಮಾಡುತ್ತದೆ. ಎಣ್ಣೆಯ ಮೇಲೆ ಹಚ್ಚಿದರೆ ಬರೀ ಬಣ್ಣ. ಕಪ್ಲಿಂಗ್ ಬಿಗಿದ ಮೇಲೆ ಅದರ ಬಾಯಿಗೂ ಪೈಪ್ ರೆಂಚಿನ ಹಲ್ಲು ಕಚ್ಚಿದ ಜಾಗಕ್ಕೂ ಮತ್ತೊಮ್ಮೆ ಹಚ್ಚಿದೆವು. ನೀರು ಏರಿಳಿಯುವ ಮಟ್ಟದ ಆರು ಪೈಪುಗಳನ್ನು ಹೊಸವೇ ಹಾಕಿದೆವು. ಇದರಿಂದ ತುಕ್ಕು ನಿಲ್ಲುವುದಿಲ್ಲ, ವರ್ಷಗಳು ಸಿಗುತ್ತವೆ.

ಉಳಿದದ್ದು ನೋಡುವ ಕೆಲಸ. ಮುಂದಿನ ಸಲ ಮೋಟರ್ ಎತ್ತಿದಾಗ ಕಪ್ಲಿಂಗಿನ ಬಾಯಿ ನೋಡಲು ಮಾವನಿಗೆ ಹೇಳಿದ್ದೇನೆ. ಬಿಳಿ ಪುಡಿ ಇದ್ದರೆ ಸತು ಇನ್ನೂ ಕೆಲಸದಲ್ಲಿದೆ, ಹೆದರಬೇಕಿಲ್ಲ. ಹಳದಿ ಕಂದು ಕಂಡರೆ ಪದರ ಮುಗಿಯುತ್ತ ಬಂದಿದೆ. ಕೆಂಪು ಗೆರೆಯೊಂದು ಕಪ್ಲಿಂಗಿನ ಬಾಯಿಯಿಂದ ಕೆಳಗೆ ಇಳಿದಿದ್ದರೆ, ಪೈಪಿನ ಮೈ ಎಷ್ಟೇ ಗಟ್ಟಿ ಇದ್ದರೂ ಆ ತುದಿ ಕತ್ತರಿಸಿ ಹೊಸ ಥ್ರೆಡ್ ಹಾಕಿಸಬೇಕು. ಮಾವ ಇದನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದಾನೆ: ಬಿಳಿ ಬಿಡು, ಕೆಂಪು ಕತ್ತರಿಸು.