ದೊಡ್ಡವ್ವನ ಹೆಬ್ಬೆಟ್ಟು ಮತ್ತು ನಾವು ಮಾಡಿದ ತಪ್ಪು

ಹೋದ ವರ್ಷ ಗೋವಿನಜೋಳದ ಒಕ್ಕಲಿ ಮುಗಿದ ವಾರ ನಮ್ಮ ದೊಡ್ಡವ್ವನ ಖಾತೆಯಿಂದ 26,500 ರೂಪಾಯಿ ಹೋಯಿತು. ಸೋಮವಾರ ಹತ್ತು ಸಾವಿರ, ಮಂಗಳವಾರ ಹತ್ತು ಸಾವಿರ, ಬುಧವಾರ ಆರೂವರೆ ಸಾವಿರ. ನಮಗೆ ಗೊತ್ತಾಗಿದ್ದು ಗುರುವಾರ, ಆಕೆ ಪಾಸ್‌ಬುಕ್ ತುಂಬಿಸಿಕೊಂಡು ಬಂದಾಗ.

"ನಾ ಯಾರಿಗೂ ನಂಬರ್ ಹೇಳಿಲ್ಲೋ ತಮ್ಮಾ, ಫೋನ್ ಸುದ್ದಾ ಎತ್ತಿಲ್ಲ. ಮೂರೂ ದಿನ ಹೊಲದಾಗ ಇದ್ನಿ" ಅಂದಳು. ನಾವು ನಂಬಲಿಲ್ಲ. ಓಟಿಪಿ ಹೇಳದೆ ದುಡ್ಡು ಹೋಗುವುದಿಲ್ಲ ಅನ್ನುವುದು ನಮ್ಮ ತಲೆಯಲ್ಲಿ ಕೂತಿತ್ತು. ಮನೆಯಲ್ಲಿ ಪತ್ರಿಕೋದ್ಯಮ ಓದಿದವರು ನಾವು ಇಬ್ಬರು. ಊರಿನವರಿಗೆ ಸೈಬರ್ ಮೋಸದ ಬಗ್ಗೆ ಹೇಳುತ್ತಿದ್ದವರೂ ನಾವೇ.

ಪಾಸ್‌ಬುಕ್ಕಿನ ಮೂರೂ ಸಾಲುಗಳಲ್ಲಿ AEPS ಎಂದು ಅಚ್ಚಾಗಿತ್ತು. ಬ್ಯಾಂಕ್ ಮಿತ್ರನ ಹತ್ತಿರ ಆಧಾರ್ ನಂಬರ್ ಹೇಳಿ, ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುತ್ತೇವಲ್ಲ, ಆ ವ್ಯವಸ್ಥೆಯ ಹೆಸರು ಅದು. ದೊಡ್ಡವ್ವ ಪಿಂಚಣಿ ದುಡ್ಡನ್ನು ಪ್ರತಿ ತಿಂಗಳು ತೆಗೆಸುತ್ತಿದ್ದದ್ದು ಊರಿನ ಒಬ್ಬ ಹುಡುಗನ ಮಷೀನಿನಲ್ಲಿ. ಹೆಬ್ಬೆಟ್ಟು ಅವನ ಮಷೀನಿನ ಮೇಲೆ ಬಿದ್ದಿದೆ, ದುಡ್ಡು ಹೆಬ್ಬೆಟ್ಟಿನಿಂದಲೇ ಹೋಗಿದೆ, ಅಂದಮೇಲೆ ಕಳ್ಳ ಅವನೇ ಎಂದು ನಾವು ತೀರ್ಮಾನಿಸಿಬಿಟ್ಟೆವು. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಹಾಕಿ, "ವಯಸ್ಸಾದವರ ದುಡ್ಡು ನುಂಗುವವನು ಇವನೇ, ಎಲ್ಲರೂ ಹುಷಾರು" ಎಂದು ಬರೆದೆವು. ಸಂಜೆಯೊಳಗೆ ಅದು ಪಕ್ಕದ ಹಳ್ಳಿಗಳ ಗುಂಪಿಗೂ ಹೋಯಿತು. ಮರುದಿನ ಅವನ ಅಂಗಡಿಗೆ ಯಾರೂ ಹೋಗಲಿಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆವು. ಗುರುವಾರ ಮಧ್ಯಾಹ್ನವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಅದರ ನಕಲಿನ ಮೇಲೆ ಶಿಕ್ಕಾ ಹಾಕಿಸಿಕೊಂಡಿದ್ದೆವು. ಅದರ ಬೆಲೆ ಆಮೇಲೆ ಗೊತ್ತಾಯಿತು.

ಹೆಬ್ಬೆಟ್ಟಿನಿಂದ ದುಡ್ಡು ತೆಗೆಯಲು ಖಾತೆ ನಂಬರ್ ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಬೇಕಾದ್ದು ಮೂರೇ: ಆಧಾರ್ ನಂಬರ್, ಯಾವ ಬ್ಯಾಂಕು ಅನ್ನುವುದು, ಮತ್ತು ಬೆರಳಚ್ಚು. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ಸಾವಿರ ಬರುತ್ತದೆ. ಹೀಗಾಗಿ ಖಾತೆಯಿಂದ ದಿನಾ ಹತ್ತು ಹತ್ತು ಸಾವಿರ ಹೋಗುತ್ತಿದ್ದರೆ ಮೊದಲು ಈ ದಾರಿಯನ್ನೇ ಅನುಮಾನಿಸಬೇಕು. ಆಧಾರ್ ನಂಬರು ನಾವು ಎಲ್ಲೆಡೆ ಕೊಟ್ಟ ಜೆರಾಕ್ಸ್‌ಗಳಲ್ಲಿ ಇದೆ. ಬೆರಳಚ್ಚು ಬೇಕೆಂದರೆ ಅದನ್ನು ಒತ್ತಿದ ಕಾಗದದ ಚಿತ್ರ ಸಿಕ್ಕರೆ ಸಾಕು. ಅದರಿಂದ ರಬ್ಬರ್ ಶಿಕ್ಕಾದಂಥ ಅಚ್ಚು ಮಾಡಿ ಮಷೀನಿನ ಮೇಲೆ ಇಡುತ್ತಾರೆ.

ಇದು ನಮ್ಮ ರಾಜ್ಯದಲ್ಲೇ ನಡೆದದ್ದು. 2023ರಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಹೀಗೆಯೇ ದುಡ್ಡು ಹೋಯಿತು. ಅವರೂ ಓಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ನೋಂದಣಿಯ ಕಾವೇರಿ ಜಾಲತಾಣದಲ್ಲಿದ್ದ ಕ್ರಯಪತ್ರಗಳ ನಕಲು ತೆಗೆದು, ಅದರಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರ್ ಕಳ್ಳರು ಬಳಸಿದ್ದರು ಎಂಬುದು ಪೊಲೀಸ್ ತನಿಖೆಯಲ್ಲಿ ಹೊರಬಂತು. ಮಂಗಳೂರಿನ ಪೊಲೀಸರು ಬಿಹಾರದವರನ್ನು ಬಂಧಿಸಿದರು. ಆಮೇಲೆ ಆ ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು.

ದೊಡ್ಡವ್ವನ ಬೆರಳಚ್ಚು ಎಲ್ಲಿಂದ ಹೋಯಿತು ಎನ್ನುವುದು ಇವತ್ತಿಗೂ ನಮಗೆ ಗೊತ್ತಿಲ್ಲ. ಆದರೆ ಎಲ್ಲಿ ಬಳಕೆಯಾಯಿತು ಎನ್ನುವುದು ಎರಡು ಕಡೆಯಿಂದ ತಿಳಿಯಿತು. ಮೊದಲನೆಯದು ಆಧಾರ್‌ನ ಸ್ವಂತ ಲೆಕ್ಕ. `myaadhaar.uidai.gov.in` ತೆರೆದು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಹಾಕಿ ಒಳಗೆ ಹೋದರೆ `Authentication History` ಎಂಬ ಜಾಗ ಇದೆ. ಹಿಂದಿನ ಆರು ತಿಂಗಳಲ್ಲಿ ನಮ್ಮ ಆಧಾರ್ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂಸ್ಥೆಯ ಮೂಲಕ, ಬೆರಳಿನಿಂದಲೋ ಓಟಿಪಿಯಿಂದಲೋ ಬಳಕೆಯಾಗಿದೆ ಎಂದು ಅದು ತೋರಿಸುತ್ತದೆ. ಸೋಮವಾರ, ಮಂಗಳವಾರ, ಬುಧವಾರದ ಮೂರು ಸಾಲುಗಳು ಅಲ್ಲಿದ್ದವು. ಆ ಸಂಸ್ಥೆ ನಮ್ಮೂರ ಹುಡುಗನ ಮಷೀನಿನದ್ದಲ್ಲ. ಎರಡನೆಯದು ಬ್ಯಾಂಕು. ಪ್ರತಿ ವಹಿವಾಟಿಗೂ ಒಂದು ನಂಬರ್ ಇರುತ್ತದೆ. ಅದನ್ನು ಹಿಡಿದು ಹೋದರೆ ಯಾವ ಏಜೆಂಟನ ಮಷೀನು ಎಂದು ಅವರು ತೆಗೆಸಬಲ್ಲರು. ಮಷೀನು ಬೇರೆ ರಾಜ್ಯದ್ದಾಗಿತ್ತು.

ನಮ್ಮ ಹುಡುಗ ಏನೂ ಮಾಡಿರಲಿಲ್ಲ.

ಇಲ್ಲಿ ಎರಡು ಅಪರಾಧಗಳಿವೆ, ಒಂದು ಕಳ್ಳನದು, ಇನ್ನೊಂದು ನಮ್ಮದು. ಬೇರೆಯವರ ಪಾಸ್‌ವರ್ಡ್, ಎಲೆಕ್ಟ್ರಾನಿಕ್ ಸಹಿ ಅಥವಾ ಅವರೊಬ್ಬರದ್ದೇ ಆದ ಗುರುತನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಬೆರಳಚ್ಚು ಅಂಥದ್ದೊಂದು ಗುರುತು. ಮೊಬೈಲು ಕಂಪ್ಯೂಟರು ಬಳಸಿ ತಾನು ಬೇರೆಯವನೆಂದು ನಟಿಸಿ ಮೋಸ ಮಾಡಿದರೆ 66ಡಿ ಕಲಂ, ಅದಕ್ಕೂ ಅಷ್ಟೇ ಶಿಕ್ಷೆ. ಬ್ಯಾಂಕಿನವನೆಂದು ಫೋನ್ ಮಾಡಿ ಓಟಿಪಿ ಕೇಳುವವನು ಬರುವುದು ಇದರಡಿ. ಈ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಅದಕ್ಕೇ ಹತ್ತಿರದ ಠಾಣೆಯವರು ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ ಅನ್ನುವುದುಂಟು. ಆದರೆ ದೂರು ಬರೆದುಕೊಳ್ಳಲು ಯಾವ ಠಾಣೆಯಾದರೂ ಸರಿ. ನಮ್ಮ ಸರಹದ್ದಲ್ಲ ಎಂದು ವಾಪಸ್ ಕಳಿಸುವಂತಿಲ್ಲ.

ಇನ್ನು ನಮ್ಮ ಅಪರಾಧ. ಆನ್‌ಲೈನ್‌ನಲ್ಲಿ ಮನಸ್ಸಿಗೆ ಬಂದದ್ದು ಬರೆದರೆ ಹಿಡಿಯುತ್ತಿದ್ದ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಅದನ್ನು ಕಾಲೇಜಿನಲ್ಲಿ ಓದಿದ್ದ ನಮಗೆ, ವಾಟ್ಸಾಪಿನಲ್ಲಿ ಬರೆದದ್ದಕ್ಕೆ ಕೇಸಿಲ್ಲ ಎಂಬ ಧೈರ್ಯ ಬೇರೆ ಇತ್ತು. ಅದು ತಪ್ಪು ತಿಳಿವಳಿಕೆ. ಮಾನಹಾನಿ ಮೊದಲು ಐಪಿಸಿಯ 499, 500ನೇ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆಗಿದೆ. ಗೋಡೆಯ ಮೇಲೆ ಬರೆದರೂ ಅದೇ, ಗುಂಪಿನಲ್ಲಿ ಬರೆದರೂ ಅದೇ. ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ, ಅಥವಾ ಸಮಾಜಸೇವೆ. ಪೊಲೀಸರು ತಾವಾಗಿ ಇದಕ್ಕೆ ಕೇಸು ಹಾಕುವುದಿಲ್ಲ. ಮಾನ ಹೋದವನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ತಾನೇ ದೂರು ಕೊಡಬೇಕು.

ಅವನು ಕೊಡಬಹುದಿತ್ತು. ನಮ್ಮ ಸಂದೇಶದ ಸ್ಕ್ರೀನ್‌ಶಾಟ್ ಅವನ ಹತ್ತಿರ ಇತ್ತು. ನಾವು ಆಧಾರ್‌ನ ಆ ಲೆಕ್ಕ ಹಿಡಿದುಕೊಂಡು ಅವನ ಮನೆಗೆ ಹೋದಾಗ ಅವನ ಅವ್ವ ಬಾಗಿಲಲ್ಲೇ ನಿಂತು, "ಕಲಿತವರು ನೀವು, ಒಂದು ದಿನ ಕಾಯಾಕ ಆಗಲಿಲ್ಲೇನು?" ಅಂದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಫೋಟೋ ಅಳಿಸಿ, ಅದೇ ಗುಂಪಿನಲ್ಲಿ ನಮ್ಮ ಹೆಸರು ಹಾಕಿ ತಪ್ಪಾಯಿತೆಂದು ಬರೆದೆವು. ಆದರೆ ಮೊದಲ ಸಂದೇಶ ಹೋದ ಗುಂಪುಗಳಿಗೆಲ್ಲ ಎರಡನೆಯದು ಹೋಗಲಿಲ್ಲ. ತಿಂಗಳಾದ ಮೇಲೂ ಪಕ್ಕದ ಊರಿನವರು ಅವನನ್ನು ಅನುಮಾನದಿಂದ ಕೇಳುತ್ತಿದ್ದರು.

ದುಡ್ಡಿನ ವಿಷಯಕ್ಕೆ ಬಂದರೆ, "ಬೆರಳು ನಿಮ್ಮದೇ ಇದೆ, ನಾವೇನು ಮಾಡೋಣ" ಎಂದು ಬ್ಯಾಂಕಿನವರು ಮೊದಲು ಕೈಚೆಲ್ಲಿದರು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುವುದು ಬೇರೆ. ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹತ್ತು ಸಾವಿರದವರೆಗೆ ತಾವೇ ಹೊರಬೇಕು. ಸಂದೇಶ ಬಂದ ದಿನವನ್ನು ಎಣಿಸುವುದಿಲ್ಲ. ನಮ್ಮ ಮೊದಲ ಸಂದೇಶ ಸೋಮವಾರ ಹುಬ್ಬಳ್ಳಿಯಲ್ಲಿರುವ ಅಣ್ಣನ ಫೋನಿಗೆ ಬಂದಿತ್ತು, ಯಾಕೆಂದರೆ ಖಾತೆಗೆ ಕೊಟ್ಟಿದ್ದು ಅವನ ನಂಬರ್. ಅದರಲ್ಲಿದ್ದ `debited` ಎಂಬ ಪದವನ್ನು ಅವನು ಗಮನಿಸಿರಲಿಲ್ಲ. ಮಂಗಳವಾರ ಒಂದು, ಬುಧವಾರ ಎರಡು, ಗುರುವಾರ ಮೂರು. ಶಿಕ್ಕಾ ಬಿದ್ದದ್ದು ಮೂರನೇ ದಿನ. ಒಂದು ದಿನ ತಡವಾಗಿದ್ದರೆ ಮೊದಲ ಹತ್ತು ಸಾವಿರದ ಆಸೆ ಬಿಡಬೇಕಿತ್ತು.

ಗ್ರಾಹಕನದ್ದೇ ತಪ್ಪು ಎಂದು ತೋರಿಸುವ ಹೊಣೆಯೂ ಬ್ಯಾಂಕಿನ ಮೇಲೆ ಇದೆ, ನಮ್ಮ ಮೇಲಲ್ಲ. ಇದನ್ನು ಅರ್ಜಿಯಲ್ಲಿ ಬರೆದು, ಆ ಮೂರೂ ದಿನ ದೊಡ್ಡವ್ವ ಊರಲ್ಲೇ ಇದ್ದಳೆಂದು ಸೇರಿಸಿ, ಆಧಾರ್‌ನ ಲೆಕ್ಕ ಮತ್ತು 1930ರ ದೂರಿನ ನಂಬರ್ ಲಗತ್ತಿಸಿದೆವು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in`ನಲ್ಲಿ ಹೋಗಬಹುದು. ನಮಗೆ ಅಲ್ಲಿಯತನಕ ಹೋಗುವ ಪ್ರಸಂಗ ಬರಲಿಲ್ಲ, ದುಡ್ಡು ಬಂತು. ಒಂದು ಮಾತು ನೆನಪಿರಲಿ. ಲಿಂಕ್ ಒತ್ತಿ ಅಥವಾ ಫೋನಿನಲ್ಲಿ ತಾನೇ ಓಟಿಪಿ ಕೊಟ್ಟವರಿಗೆ ಈ ರಕ್ಷಣೆ ಇಲ್ಲ. ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ಅವರದ್ದೇ ನಷ್ಟ. ತಿಳಿಸಿದ ಮೇಲೆ ಹೋದರೆ ಮಾತ್ರ ಬ್ಯಾಂಕಿನದು.

ಈಗ ದೊಡ್ಡವ್ವನ ಬೆರಳಿಗೆ ಬೀಗ ಇದೆ. ಅದೇ ಆಧಾರ್ ಜಾಲತಾಣದಲ್ಲಿ `Lock/Unlock Biometrics` ಒತ್ತಿ ಹಾಕಿದ್ದು. ಬೀಗ ಇದ್ದಾಗ ಯಾರು ಎಷ್ಟು ಒಳ್ಳೆಯ ಅಚ್ಚು ತಂದರೂ ಮಷೀನು ಒಪ್ಪುವುದಿಲ್ಲ. ತೊಂದರೆಯೂ ಇದೆ: ನ್ಯಾಯಬೆಲೆ ಅಂಗಡಿಯಲ್ಲೂ ಒಪ್ಪುವುದಿಲ್ಲ. ಮಷೀನಿನಲ್ಲಿ 330 ಎಂಬ ನಂಬರ್ ಬಂದರೆ ಬೆರಳು ಸವೆದಿಲ್ಲ, ಬೀಗ ಇದೆ ಎಂದು ತಿಳಿಯಬೇಕು. ರೇಷನ್ ದಿನ ಸ್ವಲ್ಪ ಹೊತ್ತು ಬೀಗ ತೆಗೆಯುತ್ತೇವೆ. ಆಧಾರ್‌ಗೆ ಮೊಬೈಲ್ ಜೋಡಿಸದವರು ಇದನ್ನು ಮಾಡಲಾಗದು, ಅವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಮೊಬೈಲ್ ಜೋಡಿಸಬೇಕು. ಖಾತೆಯ ನಂಬರನ್ನೂ ಬದಲಿಸಿದೆವು. ಸಂದೇಶ ಈಗ ಮನೆಯಲ್ಲಿರುವ ಫೋನಿಗೇ ಬರುತ್ತದೆ.

ಬೀಗ ತೆಗೆದ ದಿನ ದೊಡ್ಡವ್ವ ಪಿಂಚಣಿ ತೆಗೆಸಲು ಹೋಗುವುದು ಅದೇ ಹುಡುಗನ ಅಂಗಡಿಗೆ. ಮಷೀನಿನ ಮೇಲೆ ಹೆಬ್ಬೆಟ್ಟು ಇಡುವಾಗ ಅವನು ಈಗ ಎಲ್ಲರಿಗೂ ಪರದೆ ತಿರುಗಿಸಿ ತೋರಿಸುತ್ತಾನೆ, ರಸೀದಿ ಕೇಳದಿದ್ದರೂ ಕೊಡುತ್ತಾನೆ. ಅವನಿಗೆ ಆ ಅಭ್ಯಾಸ ಹಚ್ಚಿದವರು ನಾವು ಎಂದು ನೆನೆದಾಗ ನಮಗೆ ಈಗಲೂ ತಲೆ ಎತ್ತಲಾಗುವುದಿಲ್ಲ.