ಬಿಸಿಲಿಗೆ ಮಾಸಿದ ಕಪ್ಪು

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹರಿಹರದಿಂದ ಆಪಾ ಸಿಟ್ಟಿನಲ್ಲೇ ನಮ್ಮ ಮನೆಗೆ ಬಂದಿದ್ದಳು. ಚೀಲದಲ್ಲಿ ಅವಳ ಹೊಸ ಬುರ್ಖಾ ಇತ್ತು. ಎರಡು ತಿಂಗಳ ಹಿಂದೆ ದಾವಣಗೆರೆಯ ಅಂಗಡಿಯೊಂದರಲ್ಲಿ ನಾವಿಬ್ಬರೂ ಸೇರಿ ಕೊಂಡಿದ್ದ ರೇಯಾನ್ ಬಟ್ಟೆಯದು. ಪಾಲಿಸ್ಟರ್ ಬುರ್ಖಾದಲ್ಲಿ ಸೆಕೆ ತಡೆಯಲಾಗುವುದಿಲ್ಲ ಎಂದು ಹೊಲಿಗೆಯ ದುಡ್ಡಿನಲ್ಲಿ ಉಳಿಸಿ ಉಳಿಸಿ ತೆಗೆದುಕೊಂಡಿದ್ದಳು. ಈಗ ನೋಡಿದರೆ ಭುಜ, ಬೆನ್ನು, ತೋಳಿನ ಮೇಲ್ಭಾಗವೆಲ್ಲ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು. ಸೊಂಟದ ಹತ್ತಿರ ಅಡ್ಡಲಾಗಿ ಒಂದು ಮಾಸಲು ಪಟ್ಟಿ ಬೇರೆ.

"ಮೋಸ ಮಾಡಿದ್ದಾನೆ. ನಡಿ, ಕೇಳೋಣ" ಎಂದಳು. ಹೋದೆವು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಅವರ ಮುಂದೆಯೇ ಆಪಾ ಬುರ್ಖಾವನ್ನು ಗಲ್ಲೆಯ ಮೇಲೆ ಹಾಕಿ ಆಡಬಾರದ ಒಂದೆರಡು ಮಾತು ಆಡಿಬಿಟ್ಟಳು. ನಾನೂ ಸುಮ್ಮನಿರಲಿಲ್ಲ.

ವಯಸ್ಸಾದ ಆ ಅಂಗಡಿಯವರು ಉತ್ತರ ಕೊಡಲಿಲ್ಲ. ಬುರ್ಖಾವನ್ನು ತಿರುವಿ ಒಳಮೈ ಹೊರಗೆ ಮಾಡಿದರು. ಭುಜದ ಹೊಲಿಗೆಯ ಒಳಗೆ ಮಡಚಿದ್ದ ಅಂಚನ್ನು ಬೆರಳಿನಿಂದ ಬಿಡಿಸಿದರು. "ನೋಡ್ರಿ ಅಕ್ಕಾರ, ನೀರಿಗೆ ಬಣ್ಣ ಹೋಗಿದ್ರೆ ಇಲ್ಲೂ ಹೋಗ್ಬೇಕಿತ್ತು. ಇಲ್ಲಿ ಕಾಡಿಗಿ ಇದ್ದಂಗೈತಿ. ನೀವು ಇದನ್ನ ಎಲ್ಲಿ ಒಣಹಾಕ್ತೀರಿ?"

ಮಾಳಿಗೆಯ ಮೇಲೆ, ಬೆಳಿಗ್ಗೆ ಹತ್ತಕ್ಕೆ ಹಾಕಿ ಅಸರ್ ನಮಾಝಿನ ಹೊತ್ತಿಗೆ ತೆಗೆಯುತ್ತೇನೆ ಎಂದಳು ಆಪಾ. ಹೇಳುವಾಗಲೇ ಅವಳ ದನಿ ಇಳಿದಿತ್ತು. ಸೊಂಟದ ಮೇಲಿನ ಆ ಪಟ್ಟಿ ಹಗ್ಗದ ಮೇಲೆ ಮಡಿಕೆಯಾಗಿ ಸೂರ್ಯನಿಗೆ ನೇರವಾಗಿ ಮುಖ ಮಾಡಿದ ಜಾಗವೆಂದು ಇಬ್ಬರಿಗೂ ಆಗ ಹೊಳೆಯಿತು.

ಅಂದು ರಾತ್ರಿ ಭಾವನ ಹತ್ತಿರ ಈ ಮಾತು ಬಂತು. ಹರಿಹರದ ಆಚೆ ದಡದಲ್ಲಿ, ತುಂಗಭದ್ರೆ ದಾಟಿದರೆ ಸಿಗುವ ಕುಮಾರಪಟ್ಟಣದಲ್ಲಿ ಗ್ರಾಸಿಮ್ ಕಾರ್ಖಾನೆಗಳಿವೆ. 1970ರ ದಶಕದಿಂದ ಅಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ತಯಾರಾಗುತ್ತಿದೆ. ನಾವು ರೇಯಾನ್ ಎಂದು ಕೊಳ್ಳುವ ಬಟ್ಟೆ ಇಂಥ ನಾರಿನದೇ. ನಾರಿನ ಕೆಲಸ ಬಲ್ಲ ಭಾವ ನಮಗೆ ತಿಳಿಯುವ ಹಾಗೆ ಒಂದು ಮಾತು ಕೇಳಿದರು: "ಬಿಳಿ ಅಂಗಿಯ ಮೇಲೆ ಅರಿಶಿನದ ಸಾರು ಬಿದ್ದರೆ ಏನು ಮಾಡುತ್ತೀರಿ?"

ತೊಳೆದು ಬಿಸಿಲಿಗೆ ಹಾಕುತ್ತೇವೆ. ಸೋಪಿಗೆ ಹೋಗದ ಕಲೆ ಬಿಸಿಲಿಗೆ ಹೋಗುತ್ತದೆ. "ಅರಿಶಿನದ ಹಳದಿಯನ್ನು ತಿನ್ನುವ ಬಿಸಿಲು ಬುರ್ಖಾದ ಕಪ್ಪನ್ನು ಬಿಡುತ್ತದೆಯೇ?" ಎಂದರು. ಬಣ್ಣದ ಕಣ ಬೆಳಕನ್ನು ಹೀರಿಕೊಂಡಾಗ, ಅದರಲ್ಲೂ ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಂಡಾಗ, ಗಾಳಿಯ ಆಮ್ಲಜನಕದ ಜೊತೆ ಸೇರಿ ಒಡೆಯುತ್ತದೆ. ಒಡೆದ ಕಣಕ್ಕೆ ಬಣ್ಣವಿಲ್ಲ. ಹತ್ತಿ, ರೇಯಾನ್ ಬಟ್ಟೆಗಳು ಒದ್ದೆಯಾಗಿದ್ದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಸರಿಯಾಗಿ ಜಾಲಿಸದೆ ಉಳಿದ ಬೆವರು ಸಹ ಇದಕ್ಕೆ ಕೈಜೋಡಿಸುತ್ತದೆ.

ಹಾಗಾದರೆ ಕಪ್ಪು ಕೆಂಪಾದದ್ದೇಕೆ? ನಾವು ಕಪ್ಪು ಎನ್ನುವುದು ಎಷ್ಟೋ ಸಲ ಒಂದೇ ಬಣ್ಣವಲ್ಲ. ಹತ್ತಿ ಮತ್ತು ರೇಯಾನ್‌ಗೆ ಹಾಕುವ ಸಾಮಾನ್ಯ ಕಪ್ಪಿನಲ್ಲಿ ಮುಖ್ಯಭಾಗ ಗಾಢ ನೀಲಿ. ಅದಕ್ಕೆ ಕೆಂಪು ಅಥವಾ ಕಿತ್ತಳೆ ಬೆರೆಸಿ ಕಪ್ಪು ಮಾಡುತ್ತಾರೆ. ಇವು ಒಂದೇ ವೇಗದಲ್ಲಿ ಮಾಸುವುದಿಲ್ಲ. ನೀಲಿ ಮೊದಲು ಸೋತರೆ ಉಳಿದ ಕೆಂಪು ಮೇಲೆ ಕಾಣುತ್ತದೆ.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬುರ್ಖಾದ ಉದ್ದ ಕಡಿಮೆ ಮಾಡಿಸಿದಾಗ ಕತ್ತರಿಸಿದ ಪಟ್ಟಿಯನ್ನು ಆಪಾ ತೆಗೆದಿಟ್ಟಿದ್ದಳು. ಅದನ್ನು ಮೂರು ತುಂಡು ಮಾಡಿದೆ. ಒಂದನ್ನು ಪೆಟ್ಟಿಗೆಯಲ್ಲಿಟ್ಟೆ. ಇನ್ನೊಂದನ್ನು ದಿನಾ ನೀರಿನಲ್ಲಿ ಅದ್ದಿ ಪಡಸಾಲೆಯ ನೆರಳಿನಲ್ಲಿ ಗಾಳಿಗೆ ಹಾಕಿದೆ. ಮೂರನೆಯದರ ಅರ್ಧಕ್ಕೆ ರಟ್ಟು ಕಟ್ಟಿ, ಅದನ್ನೂ ದಿನಾ ಅದ್ದಿ, ಮಾಳಿಗೆಯ ಮೇಲೆ ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಇಟ್ಟೆ. ಹದಿನೈದು ದಿನ ಕಳೆದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನೆರಳಿನ ತುಂಡಿಗೂ ಪೆಟ್ಟಿಗೆಯ ತುಂಡಿಗೂ ವ್ಯತ್ಯಾಸ ಹುಡುಕಬೇಕಿತ್ತು. ಬಿಸಿಲಿನ ತುಂಡಿನಲ್ಲಿ ರಟ್ಟಿನ ಅಂಚು ಗೆರೆ ಎಳೆದ ಹಾಗೆ ಮೂಡಿತ್ತು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕಂದು.

ಆಮೇಲೆ ಒಂದು ಲೆಕ್ಕ ಹಾಕಿದೆವು. ವಾರಕ್ಕೆ ಎರಡು ಸಲ ಒಗೆತ, ಪ್ರತಿ ಸಲ ಆರು ಗಂಟೆ ಬಿಸಿಲು. ಎರಡು ತಿಂಗಳಿಗೆ ಸುಮಾರು ನೂರು ಗಂಟೆ. ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತೆಳು ರೇಯಾನ್ ಒಣಗಲು ಒಂದೂವರೆ ಗಂಟೆ ಸಾಕು. ನೂರರಲ್ಲಿ ಇಪ್ಪತ್ತೈದು ಗಂಟೆ ಮಾತ್ರ ಬಟ್ಟೆ ಒಣಗಿದೆ; ಉಳಿದ ಎಪ್ಪತ್ತೈದು ಗಂಟೆ ಒಣಗಿದ ಬಟ್ಟೆ ಸುಮ್ಮನೆ ಸುಟ್ಟುಕೊಂಡಿದೆ. ನೆರಳಿಲ್ಲದ ಮನೆಯವರೂ ಒಣಗಿದ ತಕ್ಷಣ ತೆಗೆದರೆ ಹಾನಿಯ ಬಹುಪಾಲು ತಪ್ಪುತ್ತದೆ.

ಬಣ್ಣದ ಹಾನಿ ಕಣ್ಣಿಗೆ ಕಾಣುತ್ತದೆ, ನಾರಿನ ಹಾನಿ ಕಾಣುವುದಿಲ್ಲ. ನನ್ನ ತುಂಡುಗಳನ್ನು ಎಳೆದು ನೋಡಿದಾಗ ಹದಿನೈದು ದಿನಕ್ಕೆ ಗಟ್ಟಿತನದಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಅದಕ್ಕೆ ವರ್ಷಗಳು ಬೇಕು. ಅಮ್ಮಿಯ ಹಳೆಯ ಕಪ್ಪು ಹತ್ತಿ ದುಪಟ್ಟಾ ಒಂದು ದಿನ ಕೊಡವಿದಾಗ ಉದ್ದಕ್ಕೂ ಸೀಳಿತ್ತು. ಸೀಳಿದ್ದು ಹಗ್ಗದ ಮಡಿಕೆ ಬೀಳುತ್ತಿದ್ದ ಗೆರೆಯಲ್ಲೇ. ಬಿಸಿಲು ನಾರಿನ ಉದ್ದನೆಯ ಸರಪಳಿಗಳನ್ನು ಕತ್ತರಿಸುತ್ತದೆ. ಬಟ್ಟೆ ಬಿರುಸಾಗಿ, ಎಳೆದಲ್ಲಿ ಹರಿಯುತ್ತದೆ. ರೇಷ್ಮೆಗೆ ಇದು ಬಲುಬೇಗ ಆಗುತ್ತದೆ. ರೇಯಾನ್‌ಗೆ ಇನ್ನೊಂದು ದೌರ್ಬಲ್ಯವಿದೆ. ಹತ್ತಿ ನೆನೆದಾಗ ಗಟ್ಟಿಯಾದರೆ ರೇಯಾನ್ ನೆನೆದಾಗ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಹಿಂಡಬಾರದು, ಒತ್ತಿ ನೀರು ತೆಗೆಯಬೇಕು.

ಈಗ ಆಪಾ ಮನೆಯಲ್ಲಿ ಕಪ್ಪು, ಕಡುನೀಲಿ, ಮೆರೂನ್ ಬಟ್ಟೆಗಳು ಒಳಮೈ ಹೊರಗಾಗಿ, ಹ್ಯಾಂಗರಿನಲ್ಲಿ, ಪಡಸಾಲೆಯ ಗಾಳಿಯಲ್ಲಿ ತೂಗುತ್ತವೆ. ಟವೆಲು, ಬಿಳಿ ಹಾಸಿಗೆ ಬಟ್ಟೆ, ಮಗುವಿನ ಲಂಗೋಟಿಗೆ ಮಾತ್ರ ಮಾಳಿಗೆಯೇ ಸರಿ. ಆದರೆ ನೆರಳಿಗೂ ಮಿತಿಯಿದೆ. ಕಳೆದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಳಗೆ ಹಾಕಿದ ಬುರ್ಖಾ ರಾತ್ರಿಯಾದರೂ ಒಣಗದೆ ಮುಗ್ಗಲು ವಾಸನೆ ಬಂತು. ಅಂಥ ದಿನ ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ ಹಾಕಿದರೆ ಬಣ್ಣಕ್ಕೆ ದೊಡ್ಡ ನಷ್ಟವಿಲ್ಲ. ಗಾಳಿಯಿಲ್ಲದ ನೆರಳಿಗಿಂತ ಸ್ವಲ್ಪ ಹೊತ್ತಿನ ಬಿಸಿಲು ಮೇಲು.

ಅಂಗಡಿಯವರು ಹೇಳಿಕೊಟ್ಟ ಪರೀಕ್ಷೆಯನ್ನು ನಾನೀಗ ಎಲ್ಲರಿಗೂ ಹೇಳುತ್ತೇನೆ. ಹೊಲಿಗೆಯ ಒಳ ಅಂಚನ್ನು ಬಿಡಿಸಿ ನೋಡಿ. ಅಲ್ಲಿಯೂ ಮಂಕಾಗಿದ್ದರೆ ಬಣ್ಣ ನೀರಿಗೆ ಹೋಗಿದೆ, ಅಂಗಡಿಯವನನ್ನು ಕೇಳಬಹುದು. ಒಳಗೆ ಕಪ್ಪಾಗಿ, ಹೊರಗೆ ಮಾತ್ರ ಮಾಸಿದ್ದರೆ ಮೊದಲು ನಿಮ್ಮ ಮಾಳಿಗೆಯ ಹಗ್ಗವನ್ನು ನೋಡಿ. ಹಾಗಿದ್ದರೂ ಬಣ್ಣ ಕೀಳಾಗಿರುವ ಸಾಧ್ಯತೆ ಇದ್ದೇ ಇರುತ್ತದೆ; ಬೆಳಕನ್ನು ತಾಳುವ ಶಕ್ತಿ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ.

ರಂಝಾನಿಗೆ ಮೊದಲು ಆಪಾ ಆ ಅಂಗಡಿಗೆ ಮತ್ತೆ ಹೋದಳು. ಗಿರಾಕಿಗಳಿರುವ ಹೊತ್ತನ್ನೇ ನೋಡಿ ಹೋದಳು. "ನಾಲ್ಕು ಜನರ ಮುಂದೆ ಅಂದ ಮಾತಿಗೆ ನಾಲ್ಕು ಜನರ ಮುಂದೆಯೇ ಮಾಫಿ ಕೇಳಬೇಕು" ಎಂದಳು. ಕೇಳಿದಳು. ಅವರು ನಕ್ಕು, "ಅದಕ್ಯಾಕ್ರಿ ಅಕ್ಕಾರ, ಕುಂದ್ರಿ, ಚಹಾ ತರಿಸ್ತೀನಿ" ಎಂದರು. ಮಾಸಿದ ಬುರ್ಖಾವನ್ನು ಆಪಾ ಎಸೆದಿಲ್ಲ. ಒಳಮೈ ಇನ್ನೂ ಕಪ್ಪಾಗಿಯೇ ಇತ್ತು. ಹೊಲಿಗೆ ಬಿಚ್ಚಿ, ಬಟ್ಟೆಯನ್ನು ತಿರುವಿ ಮತ್ತೆ ಹೊಲಿದುಕೊಂಡಿದ್ದಾಳೆ.